ಗುರುತಿಲ್ಲದವರಿಗೆ ಮೊದಲ ಇಮೇಲ್

ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟವಿರುವ ಒಂದು ಮನೆ ಎಂದಿಟ್ಟುಕೊಳ್ಳಿ. ಓದು ಮುಗಿಸಿ ಊರಿಗೆ ಮರಳಿದ ಮಗ, ಬೀಜವನ್ನೆಲ್ಲ ವ್ಯಾಪಾರಿಗೆ ಹಾಕುವ ಬದಲು ತಾನೇ ಹುರಿದು ಬೆಂಗಳೂರಿನ ಕೆಫೆಗಳಿಗೆ ಕೊಡಲು ಹೊರಡುತ್ತಾನೆ. ಜಯನಗರದ ಒಂದು ಕೆಫೆಯ ಮಾಲೀಕರಿಗೆ, ಪರಿಚಯವಾಗಲಿ ಯಾರ ಶಿಫಾರಸಾಗಲಿ ಇಲ್ಲದೆ, ಇಮೇಲ್ ಬರೆಯುತ್ತಾನೆ. ಮಾರಾಟದ ಕೆಲಸದಲ್ಲಿರುವವರು ಇದನ್ನು ಕೋಲ್ಡ್ ಇಮೇಲ್ ಎನ್ನುತ್ತಾರೆ. ಹೊಸಬರು ಬರೆಯುವ ಪತ್ರ ಬಹುಮಟ್ಟಿಗೆ ಹೀಗಿರುತ್ತದೆ:

“ಮಾನ್ಯರೇ, ನಾವು ಸಕಲೇಶಪುರದ ಕಾಫಿ ಬೆಳೆಗಾರರು. ನಮ್ಮ ತಾತ 1962ರಲ್ಲಿ ಈ ತೋಟ ಮಾಡಿದರು. ಮೂರು ತಲೆಮಾರಿನಿಂದ ಗುಣಮಟ್ಟಕ್ಕೆ ಹೆಸರಾಗಿದ್ದೇವೆ. ಈಗ ನಮ್ಮದೇ ಬ್ರ್ಯಾಂಡ್ ಆರಂಭಿಸಿದ್ದೇವೆ. ಅರೇಬಿಕಾ, ರೊಬಸ್ಟಾ, ಪೀಬೆರಿ, ಚಿಕೋರಿ ಬೆರೆಸಿದ ಪುಡಿ, ಜೇನು, ಕಾಳುಮೆಣಸು ಎಲ್ಲವೂ ನಮ್ಮಲ್ಲಿ ಲಭ್ಯ. ಹೆಚ್ಚಿನ ವಿವರಕ್ಕೆ ಲಗತ್ತಿಸಿರುವ ಬ್ರೋಷರ್ ನೋಡಿ. ತಮ್ಮೊಡನೆ ವ್ಯವಹರಿಸುವ ಅವಕಾಶಕ್ಕಾಗಿ ಕಾಯುತ್ತಿದ್ದೇವೆ.”

ಇದರಲ್ಲಿ ಸುಳ್ಳಿಲ್ಲ, ಮರ್ಯಾದೆಗೂ ಕೊರತೆಯಿಲ್ಲ. ಆದರೂ ಉತ್ತರ ಬರುವುದಿಲ್ಲ. ಕೆಫೆಯವರು ಇದನ್ನು ಓದುವುದು ಮೊಬೈಲ್‌ನಲ್ಲಿ, ಬೆಳಗಿನ ಗಿರಾಕಿಗಳು ಕರಗಿ ಮಧ್ಯಾಹ್ನದವರು ಬರುವ ನಡುವೆ. ಬೀಜ ಕೊಡುವವರು ಅವರಿಗೆ ಆಗಲೇ ಯಾರೋ ಇದ್ದಾರೆ. ಹೊಸಬನ ಪತ್ರ ಕಂಡಾಗ ಅವರಿಗೆ ಏಳುವ ಪ್ರಶ್ನೆಗಳು ಮೂರೋ ನಾಲ್ಕೋ: ನನ್ನ ಕೆಫೆಯಲ್ಲಿ ಇದು ಯಾವುದಕ್ಕೆ ಹೊಂದುತ್ತದೆ? ಈ ತಿಂಗಳ ರುಚಿ ಮುಂದಿನ ತಿಂಗಳೂ ಇರುತ್ತದೆಯೇ? ಮಳೆಗಾಲದ ಕೊನೆಗೆ ಸ್ಟಾಕ್ ಮುಗಿಯಿತು ಎಂದು ಕೈ ಎತ್ತುತ್ತಾನೆಯೇ? ತಾತ ತೋಟ ಮಾಡಿದ ವರ್ಷ ಇವುಗಳಲ್ಲಿ ಯಾವುದಕ್ಕೂ ಉತ್ತರವಲ್ಲ.

ಇಂಥ ಪತ್ರ ಅಹಂಕಾರದಿಂದ ಹುಟ್ಟುತ್ತದೆ ಎಂದು ನನಗೆ ಅನ್ನಿಸಿಲ್ಲ. ಸಂಕೋಚವೇ ಇದರ ಮೂಲ. ಗುರುತಿಲ್ಲದವರ ಮನೆ ಬಾಗಿಲಲ್ಲಿ ನಿಂತರೆ ನಾವು ಮೊದಲು ಊರು, ಮನೆತನ ಹೇಳಿಕೊಳ್ಳುತ್ತೇವೆ, ಎದುರಿನವರೂ ಕೇಳಿಸಿಕೊಳ್ಳುತ್ತಾರೆ. ಇಮೇಲ್‌ನಲ್ಲಿ ಆ ಸಹನೆ ಸಿಗುವುದಿಲ್ಲ. ಫೋನ್ ಪರದೆಯಲ್ಲಿ ಕಾಣುವುದು ಕಳಿಸಿದವರ ಹೆಸರು, ವಿಷಯದ ಸಾಲಿನ ಮೊದಲ ಕೆಲವು ಪದ, ಅದರ ಕೆಳಗೆ ಪತ್ರದ ಮೊದಲ ವಾಕ್ಯದ ತುಣುಕು. ಆ ತುಣುಕಿನ ಜಾಗವನ್ನು “ಮಾನ್ಯರೇ, ನಾವು ಸಕಲೇಶಪುರದ...” ತಿಂದುಹಾಕಿದರೆ, ಒಳಗೆ ಎಂಥ ಕಾಫಿ ಇದ್ದರೂ ಪತ್ರ ತೆರೆಯುವುದೇ ಅನುಮಾನ.

ತಿದ್ದಲು ಸುಲಭದ ದಾರಿ, ಕಾಗದದ ಮೇಲೆ ಪತ್ರ ತೆಗೆದುಕೊಂಡು ಬರೆದವನ ಬಗ್ಗೆ ಇರುವ ವಾಕ್ಯಗಳಿಗೆ ಒಂದು ಬಣ್ಣ, ಓದುವವರ ಬಗ್ಗೆ ಇರುವುದಕ್ಕೆ ಇನ್ನೊಂದು ಬಣ್ಣ ಹಚ್ಚುವುದು. ಕನ್ನಡದಲ್ಲಿ ಬರೆಯುವವರು ಸ್ವಲ್ಪ ಎಚ್ಚರದಿಂದ ಹಚ್ಚಬೇಕು: ‘ನಾವು’ ಎಂಬುದನ್ನು ಕಿತ್ತರೂ ‘ಆರಂಭಿಸಿದ್ದೇವೆ’ಯಲ್ಲಿ ನಾವು ಕೂತೇ ಇರುತ್ತೇವೆ. ಮೇಲಿನ ಪತ್ರ ಹೆಚ್ಚುಕಡಿಮೆ ಒಂದೇ ಬಣ್ಣಕ್ಕೆ ತಿರುಗುತ್ತದೆ.

ಇಲ್ಲಿ ಹಲವರು ಇನ್ನೊಂದು ಹಳ್ಳಕ್ಕೆ ಬೀಳುತ್ತಾರೆ. ತಮ್ಮ ಮಾತು ತೆಗೆದು ಹೊಗಳಿಕೆ ತುಂಬುತ್ತಾರೆ. “ನಿಮ್ಮ ಕೆಫೆಯ ವೆಬ್‌ಸೈಟ್ ನೋಡಿ ತುಂಬ ಪ್ರಭಾವಿತನಾದೆ” ಎಂಬ ಸಾಲನ್ನು ಬೆಂಗಳೂರಿನ ಯಾವ ಕೆಫೆಗೆ ಬೇಕಾದರೂ ಕಳಿಸಬಹುದು. ಹಾಗೆ ಕಳಿಸಬಹುದಾದ ಸಾಲು ಓದುವವರ ಬಗ್ಗೆ ಇರುವುದೇ ಅಲ್ಲ. ಅವರ ಮೆನು ಓದಿ, ಸಾಧ್ಯವಾದರೆ ಹೋಗಿ ಒಂದು ಕಪ್ ಕುಡಿದು, ಕಂಡದ್ದನ್ನು ಬರೆಯಬೇಕು. ಹಾಗೆಂದು ಮಾಲೀಕರ ಮಗಳ ಹುಟ್ಟುಹಬ್ಬದ ಫೋಟೋ ನೋಡಿದೆ ಎಂದು ಬರೆದರೆ ಅವರು ಬೆಚ್ಚಿಬೀಳುತ್ತಾರೆ. ವ್ಯವಹಾರಕ್ಕೆ ಸಂಬಂಧಿಸಿದ್ದು ಮಾತ್ರ ಸಾಕು.

ಅದೇ ಹುಡುಗ ಎರಡನೆಯ ಸಲ ಹೀಗೆ ಬರೆಯಬಹುದು. ವಿಷಯದ ಸಾಲು: ‘ನಿಮ್ಮ ಫಿಲ್ಟರ್ ಕಾಫಿಗೆ ಒಂದೇ ತೋಟದ ಬೀಜ’.

“ನಮಸ್ಕಾರ ಸರ್. ನಿಮ್ಮ ಮೆನುವಿನಲ್ಲಿ ಪೋರ್‌ಓವರ್ ಕಾಫಿಗೆ ತೋಟದ ಹೆಸರಿದೆ, ಫಿಲ್ಟರ್ ಕಾಫಿಗೆ ಇಲ್ಲ. ಅದಕ್ಕೂ ಒಂದೇ ತೋಟದ ಬೀಜ ಬಳಸುವ ಯೋಚನೆ ನಿಮಗಿರಬಹುದೇ ಎಂದು ಕೇಳುತ್ತಿದ್ದೇನೆ. ಸಕಲೇಶಪುರದ ನಮ್ಮ ತೋಟದ ಎಸ್. 795 ಅರೇಬಿಕಾ 70 ಭಾಗ, ರೊಬಸ್ಟಾ 30 ಭಾಗ, ಚಿಕೋರಿ ಇಲ್ಲ. ತಿಂಗಳಿಗೆ 40 ಕಿಲೋದಂತೆ ಮುಂದಿನ ಕೊಯ್ಲಿನವರೆಗೆ ಸಾಕಾಗುವಷ್ಟು ಹುರಿಯದ ಬೀಜ ತೆಗೆದಿಟ್ಟಿದ್ದೇನೆ. ಸೋಮವಾರ ಹುರಿದದ್ದು ಬುಧವಾರ ನಿಮಗೆ ಸಿಗುತ್ತದೆ. ಕಾಲು ಕಿಲೋ ಸ್ಯಾಂಪಲ್ ಕಳಿಸಲೇ? ಬೀಜವೋ ಪುಡಿಯೋ ತಿಳಿಸಿದರೆ ಸಾಕು.”

ಗಮನಿಸಿ, ಇದರಲ್ಲೂ ಹುಡುಗ ತನ್ನ ಬಗ್ಗೆ ಹೇಳಿಕೊಂಡಿದ್ದಾನೆ, ಅರ್ಧಕ್ಕಿಂತ ಹೆಚ್ಚೇ. ಆದರೆ ತೆಗೆದಿಟ್ಟ ಬೀಜದ ಮಾತು ಸ್ಟಾಕ್ ಮುಗಿಯುವ ಭಯಕ್ಕೆ ಉತ್ತರ. ಬೆರಕೆಯ ಲೆಕ್ಕ ರುಚಿ ಬದಲಾಗದೆಂಬುದಕ್ಕೆ ಆಧಾರ. ‘ಗುಣಮಟ್ಟಕ್ಕೆ ಹೆಸರಾಗಿದ್ದೇವೆ’ ಎಂದಿದ್ದ ಜಾಗಕ್ಕೆ ತಳಿಯ ಹೆಸರು ಬಂದಿದೆ. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರು ಸಂಶೋಧನಾ ಕೇಂದ್ರದಿಂದ ಬಂದ ಎಸ್. 795 ಎಂದರೆ ಕಾಫಿ ಬಲ್ಲವರಿಗೆ ಬೇರೆ ವಿವರಣೆ ಬೇಡ. ತಾತನ ಕಥೆ ಬಿಟ್ಟುಹೋಯಿತೆಂದು ಕೊರಗುವುದೂ ಬೇಡ. ಅದಕ್ಕೆ ಜಾಗ ಪ್ಯಾಕೆಟ್‌ನ ಹಿಂಬದಿ. ಜೇನು, ಕಾಳುಮೆಣಸು ಹೋದದ್ದಂತೂ ಒಳ್ಳೆಯದೇ. ಆರು ಸರಕು ಹೇಳುವವನು ಯಾವುದರಲ್ಲಿ ಗಟ್ಟಿ ಎಂದು ಓದುವವರಿಗೆ ತಿಳಿಯುವುದಿಲ್ಲ.

ಕೇಳಿಕೆಯೂ ಬದಲಾಗಿದೆ. ‘ವ್ಯವಹರಿಸುವ ಅವಕಾಶ’ಕ್ಕೆ ಯಾರೂ ಹೂಂ ಎನ್ನಲಾರರು, ಏಕೆಂದರೆ ಏನು ಮಾಡಬೇಕೆಂಬುದೇ ಅದರಲ್ಲಿಲ್ಲ. “ಒಮ್ಮೆ ಭೇಟಿಯಾಗೋಣ” ಎಂದರೆ ಗುರುತಿಲ್ಲದವನಿಗಾಗಿ ಅರ್ಧ ದಿನ ಕಳೆಯಬೇಕು. ‘ಪುಡಿ’ ಎಂದು ಒಂದು ಪದ ಒತ್ತಿ ಕಳಿಸುವುದು ಕೌಂಟರ್ ಹಿಂದೆ ನಿಂತೇ ಆಗುವ ಕೆಲಸ. ಬ್ರೋಷರ್ ಅನ್ನು ಅವರು ಕೇಳಿದ ಮೇಲೆ ಕಳಿಸಿದರಾಯಿತು. ಅಪರಿಚಿತರು ಕಳಿಸಿದ ಫೈಲ್ ತೆರೆಯಲು ಈಗ ಎಲ್ಲರೂ ಹೆದರುತ್ತಾರೆ, ಹೆದರಲೂಬೇಕು.

ಪತ್ರ ಚೆನ್ನಾಗಿ ಬಂತೆಂದು ಅದನ್ನೇ 200 ಕೆಫೆಗಳಿಗೆ ಒಂದೇ ದಿನ ಕಳಿಸಿದರೆ ಎರಡು ರೀತಿಯ ನಷ್ಟ. ಮೆನುವಿನ ಮಾತು ಉಳಿದವರಿಗೆ ಸುಳ್ಳಾಗುತ್ತದೆ. ಜೊತೆಗೆ, ಹೊಸದಾಗಿ ಕೊಂಡ ಡೊಮೈನ್ ವಿಳಾಸದಿಂದ ಹೀಗೆ ಒಮ್ಮೆಲೇ ಪತ್ರ ಹರಿದರೆ ಮೇಲ್ ಸೇವೆಗಳು ಅನುಮಾನಿಸಿ ಸ್ಪ್ಯಾಮ್‌ಗೆ ತಳ್ಳಬಹುದು. ಪತ್ರ ನಿಜಕ್ಕೂ ಆ ವಿಳಾಸದಿಂದಲೇ ಬಂದದ್ದೆಂದು ದೃಢಪಡಿಸುವ ಎಸ್‌ಪಿಎಫ್ ಅಥವಾ ಡಿಕಿಮ್ ವ್ಯವಸ್ಥೆ ಇರಬೇಕೆಂದು 2024ರ ಫೆಬ್ರವರಿಯಿಂದ ಜಿಮೇಲ್ ಎಲ್ಲ ಕಳಿಸುವವರಿಗೂ ನಿಯಮ ಮಾಡಿದೆ. ಡೊಮೈನ್ ಮಾಡಿಕೊಟ್ಟವರನ್ನು ಕೇಳಿ ಇದನ್ನು ಸರಿಪಡಿಸಿಕೊಂಡು, ಮೊದಲು ನಿಮ್ಮದೇ ಬೇರೆ ಬೇರೆ ಖಾತೆಗಳಿಗೆ ಕಳಿಸಿ ಪತ್ರ ಎಲ್ಲಿ ಬೀಳುತ್ತದೆಂದು ನೋಡಿ.

ಇಷ್ಟಾದರೂ ಬಹಳ ಪತ್ರಗಳಿಗೆ ಉತ್ತರ ಬರುವುದಿಲ್ಲ. ಒಂದು ವಾರ ಬಿಟ್ಟು ಅದೇ ಪತ್ರಕ್ಕೆ ರಿಪ್ಲೈ ಆಗಿ ಇನ್ನೊಂದು ಬರೆಯಬಹುದು. “ನನ್ನ ಮೇಲ್ ನೋಡಿದಿರಾ” ಎಂದು ಕೇಳಿದರೆ ಸಾಲ ವಸೂಲಿಯ ಧಾಟಿ ಬರುತ್ತದೆ. ಕಿಲೋ ದರ, ಕನಿಷ್ಠ ಆರ್ಡರ್ ಎಷ್ಟೆಂಬಂಥ ಹೊಸ ವಿಷಯ ಏನಾದರೂ ಇರಲಿ. ಅದಕ್ಕೂ ಉತ್ತರವಿಲ್ಲದಿದ್ದರೆ ಸುಮ್ಮನಾಗುವುದೇ ಸರಿ. “ಮಾರ್ಚ್‌ವರೆಗೆ ಬೇರೆಯವರ ಜೊತೆ ಒಪ್ಪಂದವಿದೆ” ಎಂಬ ಉತ್ತರ ಬಂದರೆ ಹೊಸಬರು ಅದನ್ನು ನಿರಾಕರಣೆ ಎಂದುಕೊಂಡು ಮರೆತುಬಿಡುತ್ತಾರೆ. ಕೆಫೆಯವರು ಅಲ್ಲಿ ತಿಂಗಳನ್ನೇ ಹೇಳಿಕೊಟ್ಟಿದ್ದಾರೆ. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ಜನವರಿ ಹೊತ್ತಿಗೆ ಮುಗಿಯುವುದರಿಂದ, ಫೆಬ್ರವರಿಯಲ್ಲಿ ಅದೇ ಮೇಲ್‌ಗೆ ರಿಪ್ಲೈ ಒತ್ತಿ ಹೊಸ ಬೆಳೆಯ ಸ್ಯಾಂಪಲ್ ಕಳಿಸಲೇ ಎಂದು ಕೇಳಬಹುದು.