ಎರಡು ಸಾವಿರದ ಐನೂರ ಎರಡು ರೂಪಾಯಿ ನಾಲ್ಕು ಪೈಸೆ

ಅಪಾರ್ಟ್‌ಮೆಂಟಿನ ಸರ್ವಸದಸ್ಯರ ಸಭೆಯಲ್ಲಿ ಖಜಾಂಚಿ ಎದ್ದು, “ಮುಂದಿನ ತಿಂಗಳಿಂದ ಎಲ್ಲರೂ ಈ ಒಂದೇ ಕ್ಯೂಆರ್ ಕೋಡ್‌ಗೆ ಮೇಂಟೆನೆನ್ಸ್ ಕಟ್ಟಿ” ಎಂದರೆ ಯಾರೂ ಬೇಡವೆನ್ನುವುದಿಲ್ಲ. ತರಕಾರಿ ಅಂಗಡಿಯಲ್ಲಿ ದಿನಾ ಮಾಡುವುದೂ ಅದನ್ನೇ. ಆದರೆ ಅಂಗಡಿಯವರಿಗೆ ದುಡ್ಡು ಬಂದರೆ ಸಾಕು, ಯಾರು ಕೊಟ್ಟರೆಂಬುದು ಬೇಕಿಲ್ಲ. ಸಂಘಕ್ಕೆ ಬೇಕಾದದ್ದೇ ಅದು. ಆದ್ದರಿಂದ ಖಜಾಂಚಿಯ ಮಾತು ಅಲ್ಲಿಗೇ ಮುಗಿಯಬಾರದು.

ಗೋಡೆಗೆ ಅಂಟಿಸುವ ಕೋಡ್‌ನೊಳಗೆ ಮುಖ್ಯವಾಗಿ ಇರುವುದು ಸಂಘದ ಯುಪಿಐ ವಿಳಾಸ ಮತ್ತು ಹೆಸರು. ದುಡ್ಡು ಎಲ್ಲಿಗೆ ಹೋಗಬೇಕೆಂದು ಅದು ಹೇಳುತ್ತದೆ, ಯಾವ ಮನೆಯಿಂದ ಬಂತೆಂದು ಹೇಳುವುದಿಲ್ಲ. 204ರಲ್ಲಿರುವ ತಾಯಿಯ ಬಾಕಿಯನ್ನು ಪುಣೆಯಲ್ಲಿರುವ ಮಗ ಕಟ್ಟುತ್ತಾನೆ. 301ರದ್ದನ್ನು ಬಾಡಿಗೆದಾರರು ಕಟ್ಟುತ್ತಾರೆ. ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದರೆ ನಲವತ್ತು ಸಾಲುಗಳಲ್ಲೂ 2,500 ರೂಪಾಯಿ, ಪಕ್ಕದಲ್ಲಿ ಖಜಾಂಚಿ ಕೇಳಿಯೇ ಇರದ ಹೆಸರುಗಳು. ಕಟ್ಟುವಾಗ ಟಿಪ್ಪಣಿಯಲ್ಲಿ ಮನೆ ನಂಬರ್ ಬರೆಯಿರಿ ಎನ್ನಬಹುದು. ಕೆಲವರು ಮರೆಯುತ್ತಾರೆ, ಬರೆದರೂ ಎಲ್ಲ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲೂ ಅದು ಪೂರ್ತಿ ಕಾಣುವುದಿಲ್ಲ.

ಎಲ್ಲ ಕಡೆಯೂ ತಪ್ಪದೆ ಕಾಣುವುದು ಮೊತ್ತ ಮಾತ್ರ. ಹಾಗಾಗಿ ಮನೆ ನಂಬರನ್ನು ಮೊತ್ತದೊಳಗೇ ಸೇರಿಸುವುದು ಜಾಣತನ. ಯುಪಿಐಯಲ್ಲಿ ಪೈಸೆಯನ್ನೂ ಕಳಿಸಬಹುದಲ್ಲ. 204ನೇ ಮನೆಯವರು 2,502.04 ಕಟ್ಟಲಿ, 301ರವರು 2,503.01. ತಡವಾಗಿ ನೂರು ರೂಪಾಯಿ ದಂಡ ಸೇರಿದರೆ 204ರದ್ದು 2,602.04 ಆಗುತ್ತದೆ. ಮೂರು ತಿಂಗಳದ್ದನ್ನು ಒಟ್ಟಿಗೆ ಕಟ್ಟಿದರೆ 7,502.04. ಮುಂದಿನದು ಬದಲಾದರೂ ಕೊನೆಯ ಮೂರು ಅಂಕಿ ಬದಲಾಗುವುದಿಲ್ಲ. ಬಾಕಿಯ ಮೊತ್ತ ಸೊನ್ನೆಗಳಲ್ಲಿ ಮುಗಿಯುವಂತಿರಬೇಕು, ಮನೆ ನಂಬರ್ ಮೂರಂಕಿ ದಾಟಬಾರದು, ಅಷ್ಟೇ ಷರತ್ತು. ಎರಡು ಬ್ಲಾಕ್‌ಗಳಲ್ಲೂ 204 ಇದ್ದರೆ ಒಂದಕ್ಕೆ ಬೇರೆ ನಂಬರ್ ಗೊತ್ತುಮಾಡಿಕೊಳ್ಳಬೇಕು. ಹೆಚ್ಚಿಗೆ ಬಂದದ್ದು 204ರವರಿಗೆ ವರ್ಷಕ್ಕೆ 24 ರೂಪಾಯಿ 48 ಪೈಸೆ. ಅದನ್ನು ಅವರ ಲೆಕ್ಕದಲ್ಲೇ ಜಮೆ ಮಾಡುತ್ತೇವೆಂದು ಸಭೆಯಲ್ಲೇ ನಿರ್ಣಯ ಬರೆದುಕೊಳ್ಳಿ.

ಕೋಡ್ ಸಂಘದ ಬ್ಯಾಂಕ್ ಖಾತೆಯದ್ದೇ ಆಗಿರಬೇಕು. ಖಜಾಂಚಿಯ ಸ್ವಂತ ಖಾತೆಯದ್ದಾದರೆ ಅವರು ಎಷ್ಟೇ ಪ್ರಾಮಾಣಿಕರಾದರೂ ಸಂಘದ ದುಡ್ಡೂ ಮನೆಯ ದುಡ್ಡೂ ಬೆರೆಯುತ್ತವೆ. ಪದಾಧಿಕಾರಿಗಳು ಬದಲಾದ ದಿನ ಹಳೆಯ ಕೋಡ್‌ಗೇ ದುಡ್ಡು ಹೋಗುತ್ತಿರುತ್ತದೆ.

ಸ್ಕ್ಯಾನ್ ಮಾಡಿದ ಮೇಲೆ ಪರದೆಯಲ್ಲಿ ಸಂಘದ ಹೆಸರು ಬರುತ್ತದೆ. ಲಿಫ್ಟ್ ಪಕ್ಕದ ಕೋಡ್ ಮೇಲೆ ಯಾರೋ ಬೇರೆ ಸ್ಟಿಕರ್ ಅಂಟಿಸಿದ್ದರೆ ತಿಳಿಯುವುದು ಅಲ್ಲಿಯೇ. ದುಡ್ಡು ಕಡಿತವಾಗಿ ‘ಪೆಂಡಿಂಗ್’ ಎಂದು ತೋರಿಸಿದರೆ ತಕ್ಷಣ ಇನ್ನೊಮ್ಮೆ ಕಟ್ಟಬೇಡಿ. ವಿಫಲವಾದ ಪಾವತಿ ನಿಮ್ಮ ಖಾತೆಗೇ ಮರಳುತ್ತದೆ. ಆ ಪಾವತಿಯ ಹನ್ನೆರಡಂಕಿಯ ಯುಟಿಆರ್ ಸಂಖ್ಯೆಯನ್ನು ಖಜಾಂಚಿಗೆ ಕಳಿಸಿ, ಅವರು ಸ್ಟೇಟ್‌ಮೆಂಟ್ ನೋಡಿ ಹೇಳುವವರೆಗೆ ಕಾಯಿರಿ. ಹೆಸರು ಓದದೆ ಮಾತ್ರ ಪಿನ್ ಒತ್ತಬೇಡಿ.