ಚಿಕ್ಕ ಕೋಣೆಯ ಮಂಚ: ತಲೆಹಲಗೆ ಮತ್ತು ಪಕ್ಕದ ಮೇಜಿನ ಅಳತೆ

ಮಂಚ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ಅದರ ಅಗಲವನ್ನು, ಆಮೇಲೆ ಬೆಲೆಯನ್ನು. ತಲೆಯ ಕಡೆ ನಿಲ್ಲುವ ಹಲಗೆ, ಅಂದರೆ ಬಡಗಿಗಳು ಹೆಡ್‌ಬೋರ್ಡ್ ಎಂದು ಕರೆಯುವ ಭಾಗ, ಮತ್ತು ಅದರ ಅಕ್ಕಪಕ್ಕದ ಚಿಕ್ಕ ಮೇಜುಗಳು ಕೇವಲ ಅಲಂಕಾರವೆಂದು ಹೆಚ್ಚಿನವರು ತಿಳಿದಿದ್ದಾರೆ. ದೊಡ್ಡ ಕೋಣೆಯಲ್ಲಿ ಹಾಗೆ ತಿಳಿದರೂ ನಷ್ಟವಿಲ್ಲ. ಚಿಕ್ಕ ಕೋಣೆಯಲ್ಲಿ ಮಾತ್ರ ತಲೆಹಲಗೆಯ ದಪ್ಪ ಎಂಟು ಇಂಚು ಹೆಚ್ಚಾದರೆ, ಎದುರಿನ ಬೀರುವಿನ ಮುಂದೆ ನಿಲ್ಲಲೂ ಜಾಗವಿಲ್ಲದಂತಾಗುತ್ತದೆ. ಅದು ಹೇಗೆ ಎಂಬುದನ್ನು ಒಂದು ಕೋಣೆಯ ಅಳತೆಗಳನ್ನೇ ಹಿಡಿದು ನೋಡೋಣ. ಕಾಗದ, ಪೆನ್ಸಿಲ್ ಹತ್ತಿರವಿರಲಿ.

ನಮ್ಮ ಕೋಣೆ 11 ಅಡಿ ಉದ್ದ, 9 ಅಡಿ ಅಗಲ. ಇಂಚಿನಲ್ಲಿ ಹೇಳುವುದಾದರೆ 132 ಮತ್ತು 108. ಮಂಚದ ತಲೆ 9 ಅಡಿಯ ಗೋಡೆಯ ಕಡೆಗಿದೆ. ಅದಕ್ಕೆ ಎದುರಿನ ಗೋಡೆಯಲ್ಲಿ 22 ಇಂಚು ಆಳದ ಬಟ್ಟೆಯ ಬೀರು ಇದೆ. ಅದರ ಒಂದೊಂದು ಬಾಗಿಲು 18 ಇಂಚು ಅಗಲ. ಹಾಸಿಗೆ ಇಬ್ಬರು ಮಲಗುವಂಥದು, 60 ಇಂಚು ಅಗಲ, 75 ಇಂಚು ಉದ್ದ. ಕಾಲ ಕಡೆಯ ಪಟ್ಟಿಗೆ ಎರಡು ಇಂಚು, ತೆಳುವಾದ ತಲೆಹಲಗೆಗೆ ಎರಡು ಇಂಚು ಸೇರಿಸಿದರೆ ಮಂಚದ ಒಟ್ಟು ಉದ್ದ 79 ಇಂಚಾಗುತ್ತದೆ. 132ರಲ್ಲಿ 79 ಮತ್ತು 22 ಕಳೆಯಿರಿ. ಮಂಚಕ್ಕೂ ಬೀರುವಿಗೂ ನಡುವೆ ಉಳಿಯುವುದು 31 ಇಂಚು. ಬೀರುವಿನ ಬಾಗಿಲು ತೆರೆದು, ಪಕ್ಕದಲ್ಲಿ ನಿಂತು ಬಟ್ಟೆ ತೆಗೆಯಲು ಇಷ್ಟು ಸಾಕು.

ಈಗ ಅಂಗಡಿಯವರು ತೋರಿಸುವ ಇನ್ನೊಂದು ಬಗೆಯನ್ನು ನೋಡಿ. ತಲೆಹಲಗೆಯೇ ಪೆಟ್ಟಿಗೆಯಂತಿದ್ದು, ಒಳಗೆ ಪುಸ್ತಕ, ಹೊದಿಕೆಗಳನ್ನು ಇಡಬಹುದು. ಅದರ ಆಳ ಸುಮಾರು 10 ಇಂಚು. ಚಿಕ್ಕ ಮನೆಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ, ಅಲ್ಲವೆ? ಆದರೆ ಇಲ್ಲಿ ಮಂಚದ ಉದ್ದ 87 ಇಂಚಾಯಿತು. ಬೀರುವಿನ ಮುಂದೆ ಉಳಿದದ್ದು 23 ಇಂಚು. 18 ಇಂಚಿನ ಬಾಗಿಲು ತೆರೆಯುತ್ತದೆ ನಿಜ, ಆದರೆ ಅದರ ಅಂಚಿಗೂ ಮಂಚಕ್ಕೂ ಐದೇ ಇಂಚು ಅಂತರ. ತೆರೆದ ಬಾಗಿಲನ್ನು ದಾಟಿ ಆಚೆ ಹೋಗಲಾಗದು. ಒಬ್ಬರು ಬಟ್ಟೆ ತೆಗೆಯುವಾಗ ಇನ್ನೊಬ್ಬರು ಮಂಚದ ಮೇಲೆ ಕಾಲು ಮಡಚಿ ಕೂರಬೇಕು. ಹೊದಿಕೆಗೆ ಸಿಕ್ಕ ಜಾಗವನ್ನು ಪ್ರತಿದಿನದ ಓಡಾಟದಿಂದ ಕಿತ್ತುಕೊಂಡಂತಾಯಿತು. ಜೊತೆಗೆ, ಮುಚ್ಚಳ ಮೇಲಕ್ಕೆ ತೆರೆಯುವ ಪೆಟ್ಟಿಗೆಯಾದರೆ ಅದರ ಮೇಲಿಟ್ಟ ಗಡಿಯಾರ, ಕನ್ನಡಕ, ಲೋಟ ಎಲ್ಲವನ್ನೂ ಪ್ರತಿಸಲ ಎತ್ತಿಡಬೇಕು. ಹೀಗಾಗಿ ಇಂಥ ಕೋಣೆಗೆ ತೆಳುವಾದ ತಲೆಹಲಗೆಯೇ ಸರಿ, ಸಾಮಾನು ಇಡುವ ಕೆಲಸ ಪಕ್ಕದ ಮೇಜಿನದು ಎಂಬುದು ನನ್ನ ಅಭಿಪ್ರಾಯ. ಬೀರು ಬೇರೆ ಗೋಡೆಯಲ್ಲಿದ್ದು, ಕಾಲ ಕಡೆ ನಾಲ್ಕು ಅಡಿ ಖಾಲಿ ಇದ್ದರೆ ಲೆಕ್ಕ ಬೇರೆ.

ಇನ್ನು ಎತ್ತರದ ಮಾತು. ತಲೆಹಲಗೆಯ ಎತ್ತರವನ್ನು ಅಂಗಡಿಯಲ್ಲಿ ನೆಲದಿಂದ ಹೇಳುತ್ತಾರೆ. ನಮಗೆ ಬೇಕಾದದ್ದು ಹಾಸಿಗೆಯ ಮೇಲ್ಮೈಯಿಂದ ಎಷ್ಟು ಎಂಬುದು. ಏಕೆಂದರೆ ಬೆನ್ನು ಆನಿಸಿ ಓದುವವರು ಕೂರುವುದು ಹಾಸಿಗೆಯ ಮೇಲೆ. ಮಂಚದ ಹಲಗೆ ನೆಲದಿಂದ 14 ಇಂಚು ಎತ್ತರದಲ್ಲಿದ್ದು, ಮೇಲೆ ನಾಲ್ಕು ಇಂಚಿನ ತೆಂಗಿನ ನಾರಿನ ಹಾಸಿಗೆ ಹಾಸಿದರೆ ಮೇಲ್ಮೈ 18 ಇಂಚಿಗೆ ಬರುತ್ತದೆ. ವಯಸ್ಕರೊಬ್ಬರು ನೆಟ್ಟಗೆ ಕುಳಿತಾಗ ಭುಜ ಸುಮಾರು 22ರಿಂದ 24 ಇಂಚು ಮೇಲಿರುತ್ತದೆ. ಸ್ವಲ್ಪ ಹಿಂದಕ್ಕೆ ಒರಗಿದಾಗ ಇನ್ನಷ್ಟು ಕೆಳಗಿಳಿಯುತ್ತದೆ. ಹಾಗಾಗಿ ಹಾಸಿಗೆಯಿಂದ ಮೇಲೆ 22 ಇಂಚು ಹಲಗೆ ಕಾಣುವಂತಿದ್ದರೆ ಬೆನ್ನಿಗೆ ಪೂರ್ತಿ ಆಸರೆ ಸಿಗುತ್ತದೆ. ನೆಲದಿಂದ ಒಟ್ಟು 40 ಇಂಚು. ಹಲಗೆ ಹಾಸಿಗೆಯಿಂದ ಹತ್ತೇ ಇಂಚು ಮೇಲಿದ್ದರೆ ಅದರ ಅಂಚು ಬೆನ್ನಿನ ನಡುವೆ ಒತ್ತುತ್ತದೆ. ಅಂಗಡಿಯಲ್ಲಿ ಹಾಸಿಗೆ ಹಾಸದೆ ನಿಲ್ಲಿಸಿದ ಮಂಚದಲ್ಲಿ ಇದು ತಿಳಿಯುವುದೇ ಇಲ್ಲ.

ನಿಮ್ಮ ಮನೆಯವರಿಗೆ ಸರಿಯಾದ ಎತ್ತರವನ್ನು ತಿಳಿಯಲು ಪುಸ್ತಕದ ಅಂಕಿಗಳಿಗಿಂತ ಒಳ್ಳೆಯ ದಾರಿಯಿದೆ. ಈಗಿರುವ ಹಾಸಿಗೆಯನ್ನು ಗೋಡೆಗೆ ಸರಿಸಿ, ಒರಗಿ ಕುಳಿತು, ಭುಜದ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿಸಿ. ಹಾಸಿಗೆಯ ಮೇಲಿನಿಂದ ಆ ಗುರುತಿನವರೆಗೆ ಅಳೆಯಿರಿ. ಹಾಸಿಗೆ ಹತ್ತಿಯದಾದರೆ ಅದು ಬಳಕೆಯಲ್ಲಿ ತಗ್ಗುತ್ತದೆ, ಆದ್ದರಿಂದ ಕುಳಿತಿರುವಾಗಲೇ ಅಳೆಯಬೇಕು.

ತಲೆಯ ಕಡೆ ಕಿಟಕಿಯಿದ್ದರೆ ಇನ್ನೊಂದು ತೊಡಕು. ಕಿಟಕಿಯ ಕೆಳಅಂಚು ಅನೇಕ ಮನೆಗಳಲ್ಲಿ ನೆಲದಿಂದ ಮೂರು ಅಡಿಗೆ, ಅಂದರೆ 36 ಇಂಚಿಗಿರುತ್ತದೆ. 40 ಇಂಚಿನ ಹಲಗೆ ಅದರ ನಾಲ್ಕು ಇಂಚನ್ನು ಮುಚ್ಚುತ್ತದೆ. ಬೆಳಕಿಗೆ ಇದರಿಂದ ಹೆಚ್ಚಿನ ಕೊರತೆಯಾಗದು. ಆದರೆ ಸೊಳ್ಳೆ ಜಾಲರಿಯ ಬಾಗಿಲು ಒಳಕ್ಕೆ ತೆರೆಯುವಂಥದಾದರೆ ಹಲಗೆಗೆ ತಾಗಿ ನಿಂತುಬಿಡುತ್ತದೆ. ಮಳೆ ಬಂದಾಗ ಹೊರಗಿನ ಕಿಟಕಿಯನ್ನು ಎಳೆದುಕೊಳ್ಳಲು ಕೈ ಹೋಗುವುದಿಲ್ಲ. ಅಲ್ಲಿ ಹಲಗೆಯನ್ನು 35 ಇಂಚಿಗೇ ನಿಲ್ಲಿಸಿ, ಓದುವಾಗ ಒಂದು ದಿಂಬನ್ನು ನೆಟ್ಟಗೆ ಇಟ್ಟುಕೊಳ್ಳುವುದು ವಾಸಿ.

ಪಕ್ಕದ ಮೇಜಿನ ಎತ್ತರಕ್ಕೂ ಹಾಸಿಗೆಯ ಮೇಲ್ಮೈಯೇ ಆಧಾರ. ಮೇಜು ಅದಕ್ಕೆ ಸಮನಾಗಿರಬೇಕು, ಇಲ್ಲವೆ ಒಂದೆರಡು ಇಂಚು ಮೇಲಿರಬಹುದು. ನಮ್ಮ ಕೋಣೆಯಲ್ಲಿ 18ರಿಂದ 20 ಇಂಚು. ಮಲಗಿದ ಕಡೆಯಿಂದಲೇ ಕತ್ತಲಲ್ಲಿ ಕೈ ಚಾಚಿದಾಗ ಅಂಗೈ ನೇರವಾಗಿ ಮೇಜಿನ ಮೇಲೆ ಇಳಿಯಬೇಕು. ಮೇಜು ತೀರ ತಗ್ಗಾದರೆ ಕೈ ಕೆಳಕ್ಕೆ ತಡಕಾಡಿ ನೀರಿನ ಲೋಟವನ್ನು ಉರುಳಿಸುತ್ತದೆ. ತೀರ ಎತ್ತರವಾದರೆ ಹೊರಳುವಾಗ ಮೊಣಕೈ ಅಂಚಿಗೆ ಬಡಿಯುತ್ತದೆ. ಮನೆಯಲ್ಲಿ ನಾಲ್ಕು ಇಂಚಿನ ಹಾಸಿಗೆ ತೆಗೆದು ಎಂಟು ಇಂಚಿನದನ್ನು ತಂದಾಗ ಹಳೆಯ ಮೇಜು ಒಮ್ಮೆಲೇ ತಗ್ಗಾದಂತೆ ಕಾಣುವುದು ಇದೇ ಕಾರಣಕ್ಕೆ. ತಲೆಹಲಗೆಯೂ ಆಗ ನಾಲ್ಕು ಇಂಚು ಕುಳ್ಳಾಗುತ್ತದೆ. ಆದ್ದರಿಂದ ಹಾಸಿಗೆ ಯಾವುದೆಂದು ಮೊದಲು ನಿಶ್ಚಯಿಸಿ, ಆಮೇಲೆ ಉಳಿದದ್ದನ್ನು ಮಾಡಿಸಬೇಕು.

ಮೇಜಿನ ಅಗಲಕ್ಕೆ 108 ಇಂಚಿನ ಗೋಡೆಗೆ ಮರಳೋಣ. ಚೌಕಟ್ಟು ಸೇರಿ ಮಂಚದ ಅಗಲ 63 ಇಂಚು. ನಡುವೆ ಇಟ್ಟರೆ ಎರಡೂ ಪಕ್ಕ ಇಪ್ಪತ್ತೆರಡೂವರೆ ಇಂಚು ಉಳಿಯುತ್ತದೆ. ಮೇಜು 16 ಇಂಚು ಅಗಲವಿರಲಿ. ಮಂಚಕ್ಕೂ ಮೇಜಿಗೂ ನಡುವೆ ಎರಡು ಇಂಚು ಬಿಟ್ಟರೆ ಹೊದಿಕೆ ಸಿಕ್ಕಿಕೊಳ್ಳುವುದಿಲ್ಲ, ಹಾಸು ಬದಲಿಸಲು ಕೈಯೂ ಆಡುತ್ತದೆ. ಆಳ 14 ಇಂಚು ಸಾಕು.

ಆ ಮೇಜಿನಲ್ಲಿ ಏನೇನಿರಬೇಕು? ರಾತ್ರಿ ಕೈಗೆ ಬೇಕಾಗುವುದು ಕನ್ನಡಕ, ನೀರು, ಒಂದು ಪುಸ್ತಕ, ಮೊಬೈಲು, ಹಿರಿಯರಿಗಾದರೆ ಮಾತ್ರೆ. ಇದಕ್ಕೆ ನಾಲ್ಕೈದು ಇಂಚು ಎತ್ತರದ ಒಂದು ಡ್ರಾಯರ್ ಮತ್ತು ಅದರ ಕೆಳಗೆ ತೆರೆದ ಒಂದು ತಟ್ಟು ಸಾಕಾಗುತ್ತದೆ. ಬಾಗಿಲಿರುವ ಆಳವಾದ ಖಾನೆ ಬೇಡ. ಅದರ ಬಾಗಿಲು ತೆರೆದಾಗ ಮಂಚದ ಪಕ್ಕದ ಇಕ್ಕಟ್ಟಾದ ದಾರಿಗೇ ಅಡ್ಡ ಬರುತ್ತದೆ; ಒಳಗೆ ತಳ್ಳಿದ ವಸ್ತು ಮುಂದಿನ ದೀಪಾವಳಿಯ ಸ್ವಚ್ಛತೆಯವರೆಗೂ ಹೊರಗೆ ಬರುವುದಿಲ್ಲ. ಕಾಲುಗಳು ಆರು ಇಂಚು ಎತ್ತರವಿದ್ದರೆ ಪೊರಕೆ ಕೆಳಗೆ ಹೋಗುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮೇಜನ್ನು ಗೋಡೆಯಿಂದ ಒಂದು ಇಂಚು ದೂರವಿಡಿ. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ ಒದ್ದೆ ಗೋಡೆಯ ತೇವ ಹೀರಿ ಊದಿಕೊಂಡರೆ ಮತ್ತೆ ಮೊದಲಿನಂತಾಗದು. ಅಂಚಿನಲ್ಲಿ ಮೇಲಿನ ಹಾಳೆ ಏಳತೊಡಗುವುದೇ ಅದರ ಮೊದಲ ಸೂಚನೆ.

ಹಣ ಕೊಡುವ ಮೊದಲು ಹಳೆಯ ದಿನಪತ್ರಿಕೆಗಳನ್ನು ಮಂಚ ಮತ್ತು ಮೇಜುಗಳ ಅಳತೆಗೆ ಕತ್ತರಿಸಿ ನೆಲಕ್ಕೆ ಅಂಟಿಸಿ. ಮೇಜಿನ ಜಾಗದಲ್ಲಿ 18 ಇಂಚು ಎತ್ತರಕ್ಕೆ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿ. ಎರಡು ದಿನ ಅವುಗಳ ಸುತ್ತಲೇ ಓಡಾಡಿ, ಬೀರು ತೆರೆದು ನೋಡಿ. ಗೋಡೆಯ ಸ್ವಿಚ್ಚು, ಪ್ಲಗ್ಗುಗಳು ಆ ಪೆಟ್ಟಿಗೆಯ ಅಥವಾ ತಲೆಹಲಗೆಯ ಹಿಂದೆ ಮರೆಯಾಗುತ್ತವೆಯೇ ಎಂಬುದೂ ಆಗಲೇ ಕಾಣುತ್ತದೆ; ಮರೆಯಾಗುವಂತಿದ್ದರೆ ಹಲಗೆಯಲ್ಲಿ ಎಲ್ಲಿ ಕಿಂಡಿ ಕೊರೆಯಬೇಕೆಂದು ಬಡಗಿಗೆ ಅಳತೆ ಬರೆದುಕೊಡಿ.