ಅಡಿಕೆ ಸುಲಿಯುವ ರಾತ್ರಿಯ ಹಾಡು

ಬೆಳಗಿನ ಐದೂವರೆಗೆ ತೀರ್ಥಹಳ್ಳಿಯಿಂದ ಅಕ್ಕನ ಫೋನು. ಆ ಹೊತ್ತಿನಲ್ಲಿ ಊರಿನಿಂದ ಕರೆ ಬಂದರೆ ಎದೆ ಧಸಕ್ಕೆನ್ನುತ್ತದೆ. ಎತ್ತಿದರೆ ಅವಳ ಗಂಟಲು ಕಟ್ಟಿತ್ತು. "ಏನೂ ಆಗಿಲ್ಲ ಕಣೋ. ಕನಸಲ್ಲಿ ಒಂದು ಹಾಡು ಕೇಳಿದೆ. ಅಮ್ಮನೂ ಇದ್ದಳು. ಎದ್ದ ಮೇಲೂ ಕಿವಿಯಲ್ಲೇ ಇದೆ, ಯಾವುದು ಅಂತ ಮಾತ್ರ ಹೊಳೀತಿಲ್ಲ. ಯಾವುದೋ ಹಿಂದಿ ಹಾಡಿರಬೇಕು. ನೀನು ಹಳೇ ಹಾಡಿನ ಬಗ್ಗೆ ಬರೀತೀಯಲ್ಲ, ಹೇಳು."

ನಾನು ಹಾಡನ್ನು ಊಹಿಸಲು ಹೋಗಲಿಲ್ಲ. ಮೊದಲು ಫೋನ್ ಇಟ್ಟು, ನಿನಗೆ ಕೇಳಿಸುತ್ತಿರುವುದನ್ನು ಹಾಗೇ ಗುನುಗಿ ಮೊಬೈಲಲ್ಲಿ ರೆಕಾರ್ಡ್ ಮಾಡು ಎಂದೆ. ಮಾತು ನೆನಪಿಲ್ಲದಿದ್ದರೆ "ಲಾ ಲಾ" ಸಾಕು, ಶ್ರುತಿ ತಪ್ಪಿದರೂ ಚಿಂತೆಯಿಲ್ಲ. ಅಲ್ಲಿಯವರೆಗೆ ರೇಡಿಯೋ ಹಾಕಬೇಡ, ಬೇರೆ ಯಾವ ಹಾಡನ್ನೂ ಕೇಳಬೇಡ. ಕನಸಿನ ನೆನಪು ಎದ್ದ ಕೆಲವೇ ನಿಮಿಷಗಳಲ್ಲಿ ಕರಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅಸ್ಪಷ್ಟ ರಾಗವೊಂದು ತಲೆಯಲ್ಲಿದ್ದಾಗ ಅದಕ್ಕೆ ತುಸು ಹತ್ತಿರದ, ಚೆನ್ನಾಗಿ ಗೊತ್ತಿರುವ ಹಾಡು ಕಿವಿಗೆ ಬಿದ್ದರೆ, ಗೊತ್ತಿರುವುದು ಗೊತ್ತಿಲ್ಲದ್ದನ್ನು ಮುಚ್ಚಿಹಾಕುತ್ತದೆ. ಆಮೇಲೆ ಎಷ್ಟು ತಡಕಾಡಿದರೂ ಮೊದಲಿನ ರಾಗ ಕೈಗೆ ಸಿಗುವುದಿಲ್ಲ. ಬೇರೆ ಹಾಡು ಕೇಳುವ ಮುಂಚೆ ಮಾಡಿಟ್ಟ ಇಪ್ಪತ್ತು ಸೆಕೆಂಡಿನ ರೆಕಾರ್ಡಿಂಗು ಈ ಹುಡುಕಾಟದಲ್ಲಿ ಕಲಬೆರಕೆಯಾಗದ ಒಂದೇ ಸಾಕ್ಷಿ.

ಅರ್ಧ ಗಂಟೆಯ ನಂತರ ಮತ್ತೆ ಮಾತಾಡಿದೆವು. ಅಷ್ಟರಲ್ಲಿ ಅವಳು ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಹರಿದು, ಹಿಂಬದಿಯಲ್ಲಿ ಎರಡು ಕಾಲಂ ಗೆರೆ ಎಳೆದಿದ್ದಳು. ಎಡಗಡೆ "ಕೇಳಿದ್ದು", ಬಲಗಡೆ "ಅಂದುಕೊಂಡಿದ್ದು". ಹಾಗೆ ಮಾಡು ಎಂದು ಹೇಳಿದವನು ನಾನೇ. ಪ್ರಶ್ನೆಗಳನ್ನು ಅವಳೇ ತನಗೆ ಕೇಳಿಕೊಳ್ಳಬೇಕು, ಪ್ರತಿ ಉತ್ತರವೂ ಯಾವ ಕಾಲಂಗೆ ಸೇರುತ್ತದೆಂದು ಅವಳೇ ತೀರ್ಮಾನಿಸಬೇಕು. "ಜಾನಕಿಯಮ್ಮನ ದನಿನಾ?" ಎಂದು ನಾನು ಕೇಳಿಬಿಟ್ಟರೆ ಮರುಕ್ಷಣ ಅವಳ ಕನಸಿನಲ್ಲಿ ಎಸ್. ಜಾನಕಿ ಹಾಡತೊಡಗುತ್ತಾರೆ. "ದನಿ ಹೇಗಿತ್ತು?" ಎಂದು ಕೇಳಿಕೊಂಡರೆ ನೆನಪಿಗೆ ತನ್ನ ಮಾತನ್ನು ತಾನೇ ಹೇಳಲು ಜಾಗವಿರುತ್ತದೆ.

ಎಡಗಡೆಯ ಕಾಲಂ ಬೇಗ ತುಂಬಿತು. ಹಳೆಯ ಮನೆಯ ಜಗಲಿ. ರಾತ್ರಿ. ಅಮ್ಮ ಮತ್ತು ಇನ್ನೂ ನಾಲ್ಕೈದು ಜನ ಅಡಿಕೆ ಸುಲಿಯುತ್ತಿದ್ದಾರೆ. ಗೋಡೆಯ ಗೂಡಿನಲ್ಲಿ ರೇಡಿಯೋ. ಗಂಡು ದನಿಯೊಂದು ಹಾಡುತ್ತಿತ್ತು, ಜೊತೆಗೆ ಒಂದು ಹೆಣ್ಣು ದನಿ. "ಹೆಣ್ಣು ದನಿ ಹತ್ತಿರ ಇತ್ತು, ಗಂಡು ದನಿ ದೂರ" ಎಂದು ಬರೆದು ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ಬಲಗಡೆ ಇದ್ದದ್ದು ಒಂದೇ ಸಾಲು: "ಹಿಂದಿ ಹಾಡು."

ಹಾಡಿನ ಮಾತುಗಳೇನಾದರೂ? ಇರಲಿಲ್ಲ. ಕನಸಿನಲ್ಲಿ ಕೇಳಿದ ಮಾತುಗಳನ್ನು ಯಥಾವತ್ತಾಗಿ ನಂಬುವಂತಿಲ್ಲ, ಅರ್ಥವಿಲ್ಲದ ಸಾಲುಗಳೂ ಅಲ್ಲಿ ಹಾಡಾಗುತ್ತವೆ. ಆದರೆ ಮಾತು ಹೋದರೂ ಅದರ ಆಕಾರ ಉಳಿದಿರಬಹುದು. ಹೆಸರು ನಾಲಿಗೆ ತುದಿಯಲ್ಲಿದ್ದೂ ಹೊರಬರದ ಸ್ಥಿತಿಯನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ 1966ರಲ್ಲಿ ಪರೀಕ್ಷಿಸಿದ್ದರು. ಪದವೇ ಬಾಯಿಗೆ ಬರದವರು ಕೂಡ ಅದರ ಮೊದಲ ಅಕ್ಷರವನ್ನೂ ಎಷ್ಟು ಉಚ್ಚಾರಗಳ ಪದ ಎಂಬುದನ್ನೂ ಬಹಳಷ್ಟು ಸಲ ಸರಿಯಾಗಿ ಹೇಳಿದರು. ಹಾಗಾಗಿ "ಮಾತು ಏನಿತ್ತು?" ಎಂಬುದಕ್ಕಿಂತ "ಒಂದೇ ಪದ ಮರಳಿ ಮರಳಿ ಬರುತ್ತಿತ್ತೇ? ಸಾಲು ಎಳೆದು ನಿಲ್ಲುತ್ತಿತ್ತೋ, ಥಟ್ಟನೆ ಮುಗಿಯುತ್ತಿತ್ತೋ?" ಎಂದು ಕೇಳಿಕೊಳ್ಳುವುದು ಫಲ ಕೊಡುತ್ತದೆ. ಅಕ್ಕ ಒಂದಿಷ್ಟು ಯೋಚಿಸಿ, ಮೊದಲಲ್ಲೇ ಒಂದು ಪದ ಮತ್ತೆ ಮತ್ತೆ ಬರುತ್ತದೆ ಎಂದಳು. ಅದೂ ಎಡಗಡೆ ಸೇರಿತು.

ಇನ್ನು "ಹಿಂದಿ". ಇಲ್ಲಿ ನಾವಿಬ್ಬರೂ ಬಹಳ ಹೊತ್ತು ನಿಂತೆವು. ಜಗಲಿಯ ರೇಡಿಯೋದಲ್ಲಿ ಆ ಹೊತ್ತಿಗೆ ಬರುತ್ತಿದ್ದುದು ಭದ್ರಾವತಿ ಆಕಾಶವಾಣಿ, ಸುಲಿಯುವವರೆಲ್ಲ ಕೇಳುತ್ತಿದ್ದುದು ಕನ್ನಡ ಚಿತ್ರಗೀತೆ. ಅಂದರೆ ಸಾಕ್ಷಿಯ ಎರಡು ಮಾತು ಒಂದಕ್ಕೊಂದು ಹೊಂದುತ್ತಿಲ್ಲ. ಇಂಥ ಕಡೆ ಬಹುಪಾಲು ಜನ ಒಂದನ್ನು ಬಿಸಾಕುತ್ತಾರೆ. ಹಿಂದಿಯನ್ನು ಬಿಟ್ಟು ಎಂಬತ್ತರ ದಶಕದ ಕನ್ನಡ ಹಾಡುಗಳನ್ನೆಲ್ಲ ಜಾಲಾಡುತ್ತಾರೆ, ಇಲ್ಲವೇ ರೇಡಿಯೋವನ್ನು ಬಿಟ್ಟು ಹಿಂದಿ ಹಾಡುಗಳ ಸಮುದ್ರಕ್ಕೆ ಇಳಿಯುತ್ತಾರೆ. ಎರಡೂ ತಪ್ಪು ಎಂದೇ ನನ್ನ ಅನುಭವ ಹೇಳುತ್ತದೆ. ಹೊಂದದ ಸುಳಿವು ಸಿಕ್ಕಾಗ ಅದು ನಿಜವೇ ಎಂದು ಕೇಳುವ ಬದಲು ಅದು ಎಲ್ಲಿಂದ ಬಂತು ಎಂದು ಕೇಳಬೇಕು.

"ಹಿಂದಿ ಅಂತ ನಿಂಗೆ ಯಾಕೆ ಅನ್ನಿಸ್ತು ಅಕ್ಕ?"

ಅವಳು ಸುಮ್ಮನಿದ್ದಳು. ಆಮೇಲೆ, "ಮಗಳ ಕಾರಲ್ಲಿ ಕೇಳಿದೀನಿ ಕಣೋ, ಇದೇ ರಾಗ. ಹೆಣ್ಣು ದನಿ, ಒಬ್ಬಳೇ. ಬೆಂಗಳೂರಿಗೆ ಬಂದಾಗ" ಎಂದಳು.

ಈ ಒಂದು ಉತ್ತರ ಇಡೀ ಹಾಳೆಯನ್ನು ಬೇರೆ ರೀತಿ ಓದುವಂತೆ ಮಾಡಿತು. ಹಿಂದಿ ಕನಸಿನೊಳಗಿನದಲ್ಲ, ಕಾರಿನದು. ಗಂಡು ದನಿ ಮತ್ತು ರೇಡಿಯೋ ಕನಸಿನವು. ಎರಡು ಕಾಲದಲ್ಲಿ ಎರಡು ಕಡೆ ಕೇಳಿದ ಒಂದೇ ರಾಗ ಅವಳ ನೆನಪಿನಲ್ಲಿ ಒಂದಾಗಿತ್ತು. ಹಾಗಾದರೆ ಹುಡುಕಬೇಕಾದದ್ದು ಒಂದು ಹಿಂದಿ ಹಾಡೂ ಅಲ್ಲ, ಒಂದು ಕನ್ನಡ ಹಾಡೂ ಅಲ್ಲ. ಎಂಬತ್ತರ ಆಸುಪಾಸಿನಲ್ಲಿ ಕನ್ನಡದಲ್ಲಿ ಯುಗಳಗೀತೆಯಾಗಿದ್ದು, ಮುಂದೆ ಹಿಂದಿಯಲ್ಲಿ ಒಂಟಿ ಹೆಣ್ಣು ದನಿಗೆ ಬಂದ ರಾಗ. ಅಂಥವು ಎಷ್ಟಿದ್ದಾವು? ಬೆರಳೆಣಿಕೆ.

ನನಗೆ ಥಟ್ಟನೆ ಹೊಳೆದದ್ದು ಇಳಯರಾಜ. ಶಂಕರ್ ನಾಗ್ ಅವರ 1981ರ 'ಗೀತಾ' ಚಿತ್ರದ 'ಜೊತೆಯಲಿ' ಹಾಡನ್ನು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ ಹಾಡಿದ್ದರು. ಅದೇ ರಾಗವನ್ನು ಇಳಯರಾಜ 1984ರಲ್ಲಿ 'ನೂರಾವದು ನಾಳ್' ಎಂಬ ತಮಿಳು ಚಿತ್ರಕ್ಕೆ ಬಳಸಿದರು. 2007ರಲ್ಲಿ ಆರ್. ಬಾಲ್ಕಿಯವರ 'ಚೀನಿ ಕಮ್' ಚಿತ್ರದಲ್ಲಿ ಅದು ಶ್ರೇಯಾ ಘೋಷಾಲ್ ದನಿಯಲ್ಲಿ ಹಿಂದಿಗೆ ಬಂತು. ಹೊಳೆದದ್ದೇನೋ ನಿಜ, ಆದರೆ ಅಕ್ಕನಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು "ಹೌದು, ಅದೇ" ಎನ್ನುತ್ತಿದ್ದಳು. ಆ "ಹೌದು"ವಿಗೆ ಬೆಲೆ ಇರುತ್ತಿರಲಿಲ್ಲ.

ಪೊಲೀಸರು ಗುರುತು ಪತ್ತೆಗೆ ನಾಲ್ಕಾರು ಜನರನ್ನು ಸಾಲಾಗಿ ನಿಲ್ಲಿಸುವಂತೆ, ನಾನು ಮೂರು ಹಾಡು ಕಳಿಸಿದೆ. ರಾಜನ್-ನಾಗೇಂದ್ರ ಸಂಗೀತದ 'ಹೊಂಬಿಸಿಲು' (1978) ಚಿತ್ರದ ಒಂದು ಯುಗಳಗೀತೆ, ಇಳಯರಾಜರದೇ ಸಂಗೀತದ 'ಪಲ್ಲವಿ ಅನುಪಲ್ಲವಿ' (1983) ಚಿತ್ರದ ಒಂದು ಹಾಡು, ಕೊನೆಗೆ ಇದು. ಮೂರರಲ್ಲೂ ಬಾಲಸುಬ್ರಹ್ಮಣ್ಯಂ-ಜಾನಕಿ ಜೋಡಿ, ಮೂರೂ ಆ ಕಾಲದ ರೇಡಿಯೋದಲ್ಲಿ ಮತ್ತೆ ಮತ್ತೆ ಕೇಳಿದವು. ಎರಡನೆಯದು ಮುಗಿಯುವ ಮುಂಚೆಯೇ ಅಕ್ಕ ಕರೆ ಮಾಡಿದಳು. "ಇದೇ ಕಣೋ! ಮೈ ಜುಮ್ಮಂತು."

ಹುಡುಕಾಟ ಸಾಮಾನ್ಯವಾಗಿ ದಾರಿ ತಪ್ಪುವುದು ಇಲ್ಲೇ. ಮೈ ಜುಮ್ಮೆಂದದ್ದು ಸುಳ್ಳಲ್ಲ. ಆದರೆ ಅದು ಹೇಳುವುದು ಈ ಹಾಡು ನನಗೆ ಪ್ರಿಯ, ಆ ಕಾಲಕ್ಕೆ ಸೇರಿದ್ದು ಎಂಬುದನ್ನು ಮಾತ್ರ. ಕನಸಿನಲ್ಲಿ ಕೇಳಿದ್ದು ಇದೇ ಎಂಬುದನ್ನು ಅದು ಹೇಳುವುದಿಲ್ಲ. ಹಾಡಿನ ಮುಂದಿನ ಸಾಲು ಅವಳ ಬಾಯಿಗೆ ತಾನಾಗಿ ಬಂದರೂ ಅದರಿಂದ ತಿಳಿಯುವುದು ಅವಳಿಗೆ ಆ ಹಾಡು ಗೊತ್ತು ಎಂಬುದಷ್ಟೇ. ಹಾಗಾಗಿ ಬೆಳಗಿನ ಆ ರೆಕಾರ್ಡಿಂಗನ್ನು ಮುಂದಿಟ್ಟುಕೊಂಡೆವು.

ಹೋಲಿಸಲು ಸಂಗೀತ ಕಲಿತಿರಬೇಕೆಂದಿಲ್ಲ. ಡೆನಿಸ್ ಪಾರ್ಸನ್ಸ್ ಎಂಬ ಇಂಗ್ಲಿಷ್ ಲೇಖಕ 1975ರಲ್ಲಿ ಪ್ರಕಟಿಸಿದ ರಾಗಗಳ ಕೋಶವೊಂದರಲ್ಲಿ ಒಂದು ಸರಳ ಉಪಾಯ ಬಳಸಿದ. ಸ್ವರಗಳ ಹೆಸರು ಬೇಡ, ಪ್ರತಿ ಸ್ವರವೂ ಹಿಂದಿನದಕ್ಕಿಂತ ಮೇಲೋ, ಕೆಳಗೋ, ಅಷ್ಟರಲ್ಲೇ ಇದೆಯೋ ಎಂದಷ್ಟೇ ಗುರುತಿಸುವುದು. ನಾನು ಇದನ್ನು ಕನ್ನಡದಲ್ಲಿ ಏ, ಇ, ಅ ಎಂದು ಬರೆಯುತ್ತೇನೆ: ಏರಿತು, ಇಳಿಯಿತು, ಅದೇ. ಕರ್ನಾಟಕ ಸಂಗೀತಕ್ಕೆ ಸೇರಿದ ಮಕ್ಕಳೆಲ್ಲ ಮೊದಲು ಕಲಿಯುವ, ಮಲಹರಿ ರಾಗದ ಪುರಂದರದಾಸರ ಆ ಪಿಳ್ಳಾರಿ ಗೀತೆಯ ಆರಂಭ ಹೀಗಾಗುತ್ತದೆ: ಏ ಏ ಏ ಅ ಏ ಅ ಇ ಇ ಇ ಇ ಏ. ಮೆಟ್ಟಿಲು ಹತ್ತಿ ಮೇಲೆ ತುಸು ನಿಂತು ಇಳಿದು ಬಂದಂತೆ. ಗುನುಗುವವರು ಶ್ರುತಿ ತಪ್ಪಬಹುದು, ಒಂದು ಸ್ವರ ಹಾರಿಸಬಹುದು, ಆದರೆ ಈ ಏರಿಳಿತವನ್ನು ಅಷ್ಟು ಸುಲಭವಾಗಿ ತಪ್ಪುವುದಿಲ್ಲ.

ಅಕ್ಕನ ಗುನುಗಿನ ಮೊದಲ ಹತ್ತು ಹೆಜ್ಜೆಗಳನ್ನು ಬರೆದು ಅದರ ಕೆಳಗೆ ಮೂರೂ ಹಾಡುಗಳ ಆರಂಭವನ್ನು ಬರೆದೆವು. ಅವಳು "ಇದೇ" ಎಂದ ಹಾಡು ಮೂರನೇ ಗುರುತಿಗೇ ಬೇರೆ ದಾರಿ ಹಿಡಿಯಿತು. 'ಗೀತಾ' ಚಿತ್ರದ ಹಾಡಿನಲ್ಲಿ ಹತ್ತರಲ್ಲಿ ಒಂದು ಮಾತ್ರ ಹೊಂದಲಿಲ್ಲ. ಶುರುವಿನ ಪದ ಮರಳಿ ಮರಳಿ ಬರುತ್ತದೆಂಬ ಅವಳ ಟಿಪ್ಪಣಿಯೂ ಅದಕ್ಕೇ ಒಪ್ಪಿತು.

ಹಾಡಿನ ಓಟವೂ ನೆರವಾಗುತ್ತದೆ. ಗುನುಗುತ್ತ ತೊಡೆಯ ಮೇಲೆ ತಾಳ ಹಾಕಿ, ಹದಿನೈದು ಸೆಕೆಂಡಿಗೆ ಎಷ್ಟು ಪೆಟ್ಟು ಬಿತ್ತೆಂದು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಲೆಕ್ಕ ಸಿಗುತ್ತದೆ. ಡೇನಿಯಲ್ ಲೆವಿಟಿನ್ ಮತ್ತು ಪೆರ್ರಿ ಕುಕ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಮಾನ್ಯ ಜನ ತಮಗೆ ಚೆನ್ನಾಗಿ ಗೊತ್ತಿರುವ ಧ್ವನಿಮುದ್ರಿತ ಹಾಡುಗಳನ್ನು ನೆನಪಿನಿಂದ ಹಾಡಿದಾಗ, ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಲ ವೇಗ ಮೂಲದ ಶೇ. 8ರ ಅಂತರದೊಳಗಿತ್ತು. ಆದರೆ ಒಂದೇ ರಾಗವನ್ನು ಎರಡು ಮೂರು ರೂಪದಲ್ಲಿ ಕೇಳಿದವರಲ್ಲಿ ಈ ಸುಳಿವು ಕದಡಿರುತ್ತದೆ. ಅಕ್ಕನ ವಿಷಯದಲ್ಲಿ ಅದನ್ನು ನಾನು ನೆಚ್ಚಲಿಲ್ಲ.

ಇಷ್ಟೆಲ್ಲ ಮಾಡಿದರೂ ಸಿಗದ ಹಾಡುಗಳಿವೆ, ಏಕೆಂದರೆ ಕೆಲವು ಹಾಡುಗಳು ಇರುವುದೇ ಇಲ್ಲ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಗೆ ಒಂದು ಬೆಳಗ್ಗೆ ಕನಸಿನಿಂದ ಎದ್ದಾಗ ಪೂರ್ತಿ ರಾಗವೊಂದು ತಲೆಯಲ್ಲಿತ್ತು. ಎಲ್ಲೋ ಕೇಳಿದ್ದೇ ಇರಬೇಕೆಂದು ಸುಮಾರು ಒಂದು ತಿಂಗಳು ಸಂಗೀತದ ನಂಟಿರುವವರಿಗೆಲ್ಲ ಹಾಡಿ ತೋರಿಸುತ್ತ ತಿರುಗಿದರು. ಯಾರೂ ಗುರುತಿಸಲಿಲ್ಲ. ಆಗಲೇ ಅದು ತನ್ನದೆಂದು ಒಪ್ಪಿಕೊಂಡದ್ದು. 1965ರಲ್ಲಿ ಧ್ವನಿಮುದ್ರಣವಾದ 'ಯೆಸ್ಟರ್ಡೇ' ಹುಟ್ಟಿದ್ದು ಹಾಗೆ. ಅಕ್ಕನ ವಿಷಯದಲ್ಲಿ ನನಗೆ ಆ ಅನುಮಾನ ಬರದಿರಲು ಕಾರಣ ಆ ಕಾರು. ಎಚ್ಚರದಲ್ಲಿಯೂ ಒಮ್ಮೆ ಕೇಳಿದ ನೆನಪು ಇದ್ದುದರಿಂದ ರಾಗ ಹೊರಗಿನ ಲೋಕದ್ದೇ ಎಂಬುದು ಖಚಿತವಾಗಿತ್ತು.

ಮೂರನೇ ಹಾಡನ್ನು ಅವಳು ಪೂರ್ತಿ ಕೇಳಿದಳು, ನಾನು ಇತ್ತ ಫೋನ್ ಹಿಡಿದು ಕೂತಿದ್ದೆ. ಮುಗಿದ ಮೇಲೆ ಬಹಳ ಹೊತ್ತು ಮಾತಿಲ್ಲ. ಕ್ಯಾಲೆಂಡರಿನ ಹಾಳೆಯಲ್ಲಿ ಇನ್ನೂ ಒಂದು ಪ್ರಶ್ನಾರ್ಥಕ ಚಿಹ್ನೆ ಉಳಿದಿತ್ತು: ಗಂಡು ದನಿ ದೂರ, ಹೆಣ್ಣು ದನಿ ಹತ್ತಿರ. ರೇಡಿಯೋದಲ್ಲಿ ಇಬ್ಬರೂ ಒಂದೇ ಗೂಡಿನಿಂದ ತಾನೆ ಹಾಡಬೇಕು?

"ಹತ್ತಿರದ್ದು ಜಾನಕಿಯಮ್ಮ ಅಲ್ಲ ಕಣೋ" ಎಂದಳು ಅಕ್ಕ. "ಅಮ್ಮ. ಅಡಿಕೆ ಸುಲೀತಾ ಜೊತೆಗೆ ಗುನುಗ್ತಿದ್ದಳು."